ಆಡಿದ ಮಾತು, ಕೊಟ್ಟ ಮಾತು

1968ರ ಅಕ್ಟೋಬರ್ 10ರಂದು 'ನ್ಯಾಷನಲ್ ಹೆರಾಲ್ಡ್' ಪತ್ರಿಕೆಯಲ್ಲಿ ಒಂದು ಸುದ್ದಿ ಬಂತು. ಉತ್ತರ ಪ್ರದೇಶದಲ್ಲಿ ಹೊಸದಾಗಿ ಶುರುವಾಗುವ ಕಾರ್ಖಾನೆಗಳಿಗೆ ಮೂರು ವರ್ಷ ಮಾರಾಟ ತೆರಿಗೆ ವಿನಾಯಿತಿ ಕೊಡಲು ಸರ್ಕಾರ ತೀರ್ಮಾನಿಸಿದೆ ಎಂಬುದು ಅದರ ಸಾರ. ಕಾನ್ಪುರದಲ್ಲಿ ವನಸ್ಪತಿ ಕಾರ್ಖಾನೆ ಹಾಕಬೇಕೆಂದಿದ್ದ ಮೋತಿಲಾಲ್ ಪದಂಪತ್ ಸಕ್ಕರೆ ಕಂಪನಿಯವರು ಮರುದಿನವೇ ಕೈಗಾರಿಕಾ ನಿರ್ದೇಶಕರಿಗೆ ಪತ್ರ ಬರೆದರು. ಈ ವಿನಾಯಿತಿಯನ್ನು ನಂಬಿಯೇ ನಾವು ಕಾರ್ಖಾನೆ ಹಾಕಲು ಹೊರಟಿದ್ದೇವೆ, ದಯವಿಟ್ಟು ಖಚಿತಪಡಿಸಿ ಎಂದು ಕೇಳಿದರು. ನಿರ್ದೇಶಕರು ಹೌದೆಂದರು. ಕಂಪನಿಗೆ ಅಷ್ಟು ಸಾಲಲಿಲ್ಲ. ಆಗ ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆಯಿತ್ತು. ಮುಖ್ಯ ಕಾರ್ಯದರ್ಶಿಯೇ ರಾಜ್ಯಪಾಲರ ಸಲಹೆಗಾರರೂ ಆಗಿದ್ದರು. ಅವರನ್ನೂ ಕೇಳಿದರು. 1969ರ ಜನವರಿ 23ರಂದು ಅವರಿಂದಲೂ ಲಿಖಿತ ಉತ್ತರ ಬಂತು: ಉತ್ಪಾದನೆ ಶುರುವಾದ ದಿನದಿಂದ ಮೂರು ವರ್ಷ ತೆರಿಗೆ ಇಲ್ಲ.

ಅದರ ಮೇಲೆ ಸಾಲ ಎತ್ತಿದರು, ಯಂತ್ರಗಳಿಗೆ ಕರಾರು ಮಾಡಿಕೊಂಡರು, ಕಟ್ಟಡ ಎದ್ದಿತು. ಅಷ್ಟರಲ್ಲಿ ಸರ್ಕಾರದ ಮನಸ್ಸು ಬದಲಾಯಿತು. 1970ರ ಜನವರಿಯಲ್ಲಿ, ಪೂರ್ತಿ ವಿನಾಯಿತಿ ಆಗದು, ಮೊದಲ ವರ್ಷ ಶೇ. 3.5, ಎರಡನೆಯ ವರ್ಷ ಶೇ. 3, ಮೂರನೆಯ ವರ್ಷ ಶೇ. 2.5ರಂತೆ ಭಾಗಶಃ ರಿಯಾಯಿತಿ ಮಾತ್ರ ಎಂದಿತು. ಕಂಪನಿ ಒಲ್ಲದ ಮನಸ್ಸಿನಿಂದಲೇ ಒಪ್ಪಿತು. ಜುಲೈ 2ರಂದು ಕಾರ್ಖಾನೆಯಲ್ಲಿ ಉತ್ಪಾದನೆ ಆರಂಭವಾಯಿತು. ಆಗಸ್ಟ್ 12ಕ್ಕೆ ಸರ್ಕಾರ ಆ ರಿಯಾಯಿತಿಯನ್ನೂ ಹಿಂತೆಗೆದುಕೊಂಡಿತು.

ಇಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ ಎಂಬುದನ್ನು ಗಮನಿಸಬೇಕು. ಪತ್ರ ಬರೆದ ಅಧಿಕಾರಿಗಳು ಬರೆದ ದಿನ ಹಾಗೆಯೇ ನಡೆದುಕೊಳ್ಳುವ ಇರಾದೆಯಲ್ಲಿದ್ದರು. ಕರಾರಿಗೂ ಸರ್ಕಾರ ಸಹಿ ಹಾಕಿರಲಿಲ್ಲ. ಹಾಗಾದರೆ ಕಂಪನಿಯವರು ಯಾವ ಕಾನೂನನ್ನು ಹಿಡಿದು ಕೋರ್ಟಿಗೆ ಹೋಗಬೇಕು?

ಕನ್ನಡದಲ್ಲಿ ನಾವು 'ಆಡಿದ ಮಾತು' ಎನ್ನುತ್ತೇವೆ, 'ಕೊಟ್ಟ ಮಾತು' ಎಂದೂ ಅನ್ನುತ್ತೇವೆ. ಎರಡೂ ಒಂದೇ ಅಲ್ಲ. 'ಈ ಹೊಲ ನನ್ನ ತಮ್ಮನದು' ಎಂದರೆ ಅದು ಆಡಿದ ಮಾತು. ಇರುವ ಸಂಗತಿಯ ಬಗ್ಗೆ ಹೇಳಿದ್ದು. 'ಈ ಹೊಲದ ಗುತ್ತಿಗೆಯನ್ನು ಮೂರು ವರ್ಷ ಕೇಳುವುದಿಲ್ಲ' ಎಂದರೆ ಅದು ಕೊಟ್ಟ ಮಾತು. ಮುಂದೆ ನಡೆದುಕೊಳ್ಳುವ ಬಗೆಯ ಬಗ್ಗೆ ಹೇಳಿದ್ದು. ಇಂಗ್ಲಿಷ್ ಕಾನೂನು ಈ ಎರಡಕ್ಕೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಾರಣಕ್ಕೆ ಎರಡು ತತ್ತ್ವಗಳನ್ನು ಕಟ್ಟಿತು. ಆಡಿದ ಮಾತಿನದು ಈಕ್ವಿಟಬಲ್ ಎಸ್ಟಾಪೆಲ್, ಕೊಟ್ಟ ಮಾತಿನದು ಪ್ರಾಮಿಸರಿ ಎಸ್ಟಾಪೆಲ್. ಎಸ್ಟಾಪೆಲ್ ಎಂಬ ಪದ ಹಳೆಯ ಫ್ರೆಂಚಿನಿಂದ ಬಂದದ್ದು, ಬೆಣೆ ಬಡಿದು ಮುಚ್ಚುವುದು ಎಂಬ ಅರ್ಥದ ಪದ. ತನ್ನದೇ ನಡೆನುಡಿಯಿಂದ ಒಬ್ಬನ ಬಾಯಿಗೆ ಬೀಗ ಬೀಳುವುದು ಎಂದು ಹದಿನೇಳನೆಯ ಶತಮಾನದಲ್ಲೇ ಕಾನೂನು ಪಂಡಿತ ಎಡ್ವರ್ಡ್ ಕೋಕ್ ಇದನ್ನು ವಿವರಿಸಿದ್ದ.

ಮೊದಲು ಆಡಿದ ಮಾತಿನ ಕಡೆ ನೋಡೋಣ. 1837ರಲ್ಲಿ ಇಂಗ್ಲೆಂಡಿನಲ್ಲಿ ತೀರ್ಮಾನವಾದ ಪಿಕಾರ್ಡ್ ಮತ್ತು ಸಿಯರ್ಸ್ ನಡುವಿನ ಮೊಕದ್ದಮೆ ಇದರ ಮೂಲಗಳಲ್ಲೊಂದು. ಪಿಕಾರ್ಡ್ ಸಾಲ ಕೊಟ್ಟು ಒಬ್ಬನ ಯಂತ್ರಗಳನ್ನು ಅಡವಾಗಿ ಬರೆಸಿಕೊಂಡಿದ್ದ, ಆದರೆ ಯಂತ್ರಗಳು ಸಾಲಗಾರನ ಬಳಿಯೇ ಇದ್ದವು. ಇನ್ನೊಬ್ಬ ಸಾಲಿಗ ಡಿಕ್ರಿ ಪಡೆದು ಅವನ್ನು ಜಪ್ತಿ ಮಾಡಿಸಿದ. ಪಿಕಾರ್ಡ್ ಆ ಸಾಲಿಗನ ವಕೀಲರ ಜೊತೆ ಮಾತುಕತೆಗೂ ಕೂತ, ಆದರೆ 'ಇವು ನನ್ನವು' ಎಂಬ ಒಂದು ಮಾತನ್ನೂ ಎತ್ತಲಿಲ್ಲ. ಯಂತ್ರಗಳು ಮಾರಾಟವಾದ ಮೇಲೆ ಬಂದು ಹಕ್ಕು ಕೇಳಿದ. ನಿನ್ನ ನಡವಳಿಕೆಯಿಂದ ಬೇರೆಯವರು ಒಂದು ಸಂಗತಿಯನ್ನು ನಿಜವೆಂದು ನಂಬುವಂತೆ ಮಾಡಿ, ಆ ನಂಬಿಕೆಯ ಮೇಲೆ ಅವರು ಹೆಜ್ಜೆ ಇಟ್ಟ ಮೇಲೆ ನೀನು ಬೇರೆ ಸಂಗತಿ ಹೇಳುವಂತಿಲ್ಲ ಎಂಬ ತತ್ತ್ವವನ್ನು ಮುಖ್ಯ ನ್ಯಾಯಮೂರ್ತಿ ಡೆನ್ಮನ್ ಅಲ್ಲಿ ನಿರೂಪಿಸಿದರು. ಮೌನವೂ ಒಮ್ಮೊಮ್ಮೆ ಆಡಿದ ಮಾತಿಗೆ ಸಮ ಎಂದಾಯಿತು.

1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 115ನೇ ಕಲಮಿನಲ್ಲಿ ಕೂತಿದ್ದು ಇದೇ ತತ್ತ್ವ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 121ನೇ ಕಲಮಾಗಿದೆ. ಕಲಮಿನ ಕೆಳಗಿನ ಉದಾಹರಣೆ ನಮ್ಮ ಹಳ್ಳಿಗಳಲ್ಲಿ ನಡೆಯಬಹುದಾದದ್ದೇ: ತನ್ನದಲ್ಲದ ಜಮೀನನ್ನು ತನ್ನದೆಂದು ನಂಬಿಸಿ ಒಬ್ಬ ಮಾರುತ್ತಾನೆ. ಆಮೇಲೆ ಆ ಜಮೀನು ನಿಜವಾಗಿಯೂ ಅವನ ಪಾಲಿಗೆ ಬರುತ್ತದೆ. ಆಗ ಅವನು, 'ಮಾರಿದ ದಿನ ನನಗೆ ಹಕ್ಕೇ ಇರಲಿಲ್ಲ, ಆ ಕ್ರಯ ನಿಲ್ಲುವುದಿಲ್ಲ' ಎಂದು ಸಾಬೀತು ಮಾಡಲು ಹೊರಟರೆ ಕೋರ್ಟು ಅದಕ್ಕೆ ಅವಕಾಶ ಕೊಡುವುದಿಲ್ಲ. ಅವನು ಹೇಳುವುದು ಸತ್ಯವೇ. ಆದರೆ ಆ ಸತ್ಯ ಹೇಳುವ ಬಾಯಿಗೇ ಬೀಗ ಬಿದ್ದಿದೆ.

ಮೋಸ ಮಾಡುವ ಉದ್ದೇಶ ಇರಲೇಬೇಕೇ? ಬೇಕಿಲ್ಲ ಎಂದು 1892ರಲ್ಲೇ ಪ್ರಿವಿ ಕೌನ್ಸಿಲ್ ಬಂಗಾಳದ ಒಂದು ಮೊಕದ್ದಮೆಯಲ್ಲಿ ಹೇಳಿತು. ಹೇಳಿದವನೇ ತಪ್ಪು ತಿಳಿದಿದ್ದರೂ ಸರಿ, ಕೇಳಿದವನು ನಂಬಿ ನಡೆದನೇ ಎಂಬುದೇ ಮುಖ್ಯ. ಹಾಗೆಯೇ ನಂಬಿದೆ ಎನ್ನುವವನಿಗೆ ನಿಜ ಗೊತ್ತಿದ್ದರೆ ಈ ತತ್ತ್ವ ಅವನ ನೆರವಿಗೆ ಬಾರದು. ಪಹಣಿಯಲ್ಲಿ ಅಣ್ಣನ ಹೆಸರಿರುವುದನ್ನು ಕಣ್ಣಾರೆ ನೋಡಿಯೂ ತಮ್ಮನಿಂದ ಜಮೀನು ಕೊಂಡವನು, 'ಅಣ್ಣ ಸುಮ್ಮನಿದ್ದ, ಅದಕ್ಕೇ ತಮ್ಮನದೇ ಎಂದುಕೊಂಡೆ' ಎನ್ನುವುದು ಕಷ್ಟ. ಇನ್ನೊಂದು ತಪ್ಪು ತಿಳಿವಳಿಕೆಯೂ ನಮ್ಮಲ್ಲಿ ಬಲವಾಗಿದೆ: ಕ್ರಯಪತ್ರಕ್ಕೆ ಸಾಕ್ಷಿ ಸಹಿ ಹಾಕಿದವನ ಹಕ್ಕು ಅಲ್ಲಿಗೆ ಹೋಯಿತು ಎಂಬುದು. ಸಾಕ್ಷಿ ಸಹಿ ಎಂದರೆ, ಬರೆದುಕೊಟ್ಟವನು ಸಹಿ ಹಾಕಿದ್ದನ್ನು ಕಂಡೆ ಎಂದಷ್ಟೇ ಅರ್ಥ. ಪತ್ರದೊಳಗೆ ಏನಿದೆ ಎಂಬುದು ಸಾಕ್ಷಿಗೆ ಗೊತ್ತಿತ್ತು, ಅವನು ಅದಕ್ಕೆ ಒಪ್ಪಿದ್ದ ಎಂಬುದನ್ನು ಬೇರೆಯಾಗಿ ತೋರಿಸಬೇಕು.

ಇನ್ನು ಕೊಟ್ಟ ಮಾತಿನ ಕಡೆ ಬಂದರೆ, ಅದಕ್ಕೆ ಕಾನೂನಿನ ಬಾಗಿಲು ಬಹುಕಾಲ ಮುಚ್ಚಿಯೇ ಇತ್ತು. 1854ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿದ ಜೋರ್ಡನ್ ಮತ್ತು ಮನಿ ಮೊಕದ್ದಮೆ ಇದಕ್ಕೆ ಕಾರಣ. ಮನಿ ಎಂಬ ಯುವಕ ಬರೆದುಕೊಟ್ಟಿದ್ದ 1,200 ಪೌಂಡಿನ ಸಾಲಪತ್ರ ಒಬ್ಬ ಮಹಿಳೆಯ ಕೈಯಲ್ಲಿತ್ತು. ಅದನ್ನು ಎಂದೂ ವಸೂಲಿ ಮಾಡುವುದಿಲ್ಲ ಎಂದು ಆಕೆ ಮತ್ತೆಮತ್ತೆ ಹೇಳಿದ್ದಳು. ಆ ಮಾತಿನ ಮೇಲೆ ಅವನು ಮದುವೆಯಾದ. ಆಮೇಲೆ ಸಾಲಪತ್ರ ಹೊರಬಂತು. ಆಕೆ ಹೇಳಿದ್ದು ಇರುವ ಸಂಗತಿಯಲ್ಲ, ತನ್ನ ಮುಂದಿನ ಇರಾದೆ, ಇರಾದೆ ಬದಲಾಗಬಹುದು, ಇರಾದೆಗೆ ಕಟ್ಟುಬೀಳಿಸಬೇಕಾದರೆ ಕರಾರು ಬರೆಸಿಕೊಳ್ಳಬೇಕಿತ್ತು ಎಂದು ಬಹುಮತದ ತೀರ್ಪು ಬಂತು. ಲಾರ್ಡ್ ಸೇಂಟ್ ಲಿಯೊನಾರ್ಡ್ಸ್ ಒಪ್ಪಲಿಲ್ಲ. ಓದಿದಾಗಲೆಲ್ಲ ನನ್ನ ಮನಸ್ಸು ಅವರ ಕಡೆಗೇ ವಾಲುತ್ತದೆ.

ಕರಾರು ಇದ್ದರೆ ಸಾಕಿತ್ತಲ್ಲವೇ ಎಂದು ಕೇಳಬಹುದು. ಕರಾರಿಗೆ ಪ್ರತಿಫಲ ಬೇಕು, ಅಂದರೆ ಮಾತು ಕೊಟ್ಟವನಿಗೆ ಎದುರಿನಿಂದ ಏನಾದರೂ ಸಿಗಬೇಕು. 'ಬಾಡಿಗೆಯಲ್ಲಿ ಅರ್ಧ ಬಿಟ್ಟೆ' ಎನ್ನುವ ಮಾಲೀಕನಿಗೆ ಬಾಡಿಗೆದಾರ ಏನನ್ನೂ ಕೊಟ್ಟಿರುವುದಿಲ್ಲ. ಬರೀ ಔದಾರ್ಯದ ಮಾತು ಇಂಗ್ಲಿಷ್ ಕಾನೂನಿನಲ್ಲಿ ಕರಾರು ಆಗುವುದಿಲ್ಲ. ಹೀಗೆ ಒಂದು ಕಡೆ ಎಸ್ಟಾಪೆಲ್ ಇಲ್ಲ, ಇನ್ನೊಂದು ಕಡೆ ಕರಾರೂ ಇಲ್ಲ ಎಂಬ ಸಂದಿಯಲ್ಲಿ ಮಾತು ನಂಬಿದವನು ಸಿಕ್ಕಿಬೀಳುತ್ತಿದ್ದ.

ಆ ಸಂದಿಗೆ ಮೊದಲ ಬೆಳಕು ಬಿದ್ದದ್ದು 1877ರಲ್ಲಿ, ಹ್ಯೂಸ್ ಎಂಬ ಮಾಲೀಕ ಮತ್ತು ಮೆಟ್ರೊಪಾಲಿಟನ್ ರೈಲ್ವೆ ನಡುವಿನ ವ್ಯಾಜ್ಯದಲ್ಲಿ. ಆರು ತಿಂಗಳಲ್ಲಿ ಕಟ್ಟಡ ರಿಪೇರಿ ಮಾಡಿ, ಇಲ್ಲದಿದ್ದರೆ ಗುತ್ತಿಗೆ ರದ್ದು ಎಂದು 1874ರ ಅಕ್ಟೋಬರಿನಲ್ಲಿ ಮಾಲೀಕ ನೋಟಿಸು ಕೊಟ್ಟ. ರೈಲ್ವೆಯವರು, ನಮ್ಮ ಹಕ್ಕನ್ನೇ ನಿಮಗೆ ಮಾರುತ್ತೇವೆ, ಮಾತುಕತೆ ಮುಗಿಯುವವರೆಗೆ ರಿಪೇರಿ ನಿಲ್ಲಿಸಿರುತ್ತೇವೆ ಎಂದರು. ಮಾತುಕತೆ ನಡೆದು ಡಿಸೆಂಬರ್ ಕೊನೆಗೆ ಮುರಿದುಬಿತ್ತು. ಮೊದಲ ನೋಟಿಸಿನಿಂದ ಆರು ತಿಂಗಳು ಎಣಿಸಿ ಮಾಲೀಕ ಖಾಲಿ ಮಾಡಿಸಲು ದಾವೆ ಹೂಡಿದ. ಲಾರ್ಡ್ ಕೇರ್ನ್ಸ್ ಒಪ್ಪಲಿಲ್ಲ. ಕಟ್ಟುನಿಟ್ಟಿನ ಹಕ್ಕನ್ನು ಸದ್ಯಕ್ಕೆ ಚಲಾಯಿಸುವುದಿಲ್ಲ ಎಂಬ ನಂಬಿಕೆ ಹುಟ್ಟಿಸಿ, ಆಮೇಲೆ ಅದನ್ನೇ ಹಿಡಿದು ಹೊಡೆಯುವುದು ಸರಿಯಲ್ಲ ಎಂದರು. ಆರು ತಿಂಗಳ ಲೆಕ್ಕ ಮಾತುಕತೆ ಮುರಿದ ದಿನದಿಂದ ಶುರುವಾಗಬೇಕೆಂದು ತೀರ್ಮಾನವಾಯಿತು. ಮಾಲೀಕನ ಹಕ್ಕು ಹೋಗಲಿಲ್ಲ, ಸ್ವಲ್ಪ ಕಾಲ ಮಲಗಿತು ಅಷ್ಟೆ.

ಈ ತೀರ್ಪು ಅಷ್ಟಾಗಿ ಯಾರ ಕಣ್ಣಿಗೂ ಬೀಳದೆ ಎಪ್ಪತ್ತು ವರ್ಷ ಇತ್ತು. ಅದನ್ನು ಎತ್ತಿ ನಿಲ್ಲಿಸಿದವರು ಆಲ್ಫ್ರೆಡ್ ಡೆನ್ನಿಂಗ್. 1946ರ ಜುಲೈಯಲ್ಲಿ, ನ್ಯಾಯಾಧೀಶರಾಗಿ ಇನ್ನೂ ಹೆಚ್ಚು ವರ್ಷವಾಗಿರದಿದ್ದ ಅವರ ಮುಂದೆ ಹೈ ಟ್ರೀಸ್ ಎಂಬ ಮೊಕದ್ದಮೆ ಬಂತು. ಲಂಡನ್ನಿನ ಕ್ಲಾಪಮ್ ಪ್ರದೇಶದ ಒಂದು ಫ್ಲ್ಯಾಟುಗಳ ಕಟ್ಟಡವನ್ನು 1937ರಲ್ಲಿ 99 ವರ್ಷಕ್ಕೆ ಗುತ್ತಿಗೆ ಕೊಟ್ಟಿದ್ದರು, ವರ್ಷಕ್ಕೆ 2,500 ಪೌಂಡ್. ಗುತ್ತಿಗೆ ಹಿಡಿದವರು ಫ್ಲ್ಯಾಟುಗಳನ್ನು ಬಾಡಿಗೆಗೆ ಕೊಟ್ಟು ಆ ಹಣ ಹೊಂದಿಸಬೇಕಿತ್ತು. ಯುದ್ಧ ಬಂತು, ಜನ ಲಂಡನ್ ಬಿಟ್ಟರು, ಫ್ಲ್ಯಾಟುಗಳು ಖಾಲಿ ಬಿದ್ದವು. 1940ರ ಜನವರಿಯಲ್ಲಿ ಮಾಲೀಕರು ಬಾಡಿಗೆಯನ್ನು 1,250ಕ್ಕೆ ಇಳಿಸಿ ಬರೆದುಕೊಟ್ಟರು. ಎಷ್ಟು ಕಾಲಕ್ಕೆ ಎಂದು ಬರೆದಿರಲಿಲ್ಲ. ಪ್ರತಿಫಲವೂ ಇರಲಿಲ್ಲ. 1945ರ ಹೊತ್ತಿಗೆ ಫ್ಲ್ಯಾಟುಗಳೆಲ್ಲ ತುಂಬಿದವು. ಮಾಲೀಕ ಕಂಪನಿಯ ವ್ಯವಹಾರ ನೋಡಿಕೊಳ್ಳುತ್ತಿದ್ದ ರಿಸೀವರ್, ಪೂರ್ತಿ ಬಾಡಿಗೆ ಕೊಡಿ, ಹಿಂದಿನ ಬಾಕಿ 7,916 ಪೌಂಡನ್ನೂ ಕಟ್ಟಿ ಎಂದ. ಕಾನೂನನ್ನು ಪರೀಕ್ಷಿಸಲು ದಾವೆ ಹಾಕಿದ್ದು ಮಾತ್ರ 1945ರ ಕೊನೆಯ ಎರಡು ತ್ರೈಮಾಸಿಕಗಳ ವ್ಯತ್ಯಾಸಕ್ಕೆ, 625 ಪೌಂಡಿಗೆ.

ಆ 625 ಪೌಂಡ್ ಮಾಲೀಕರಿಗೆ ಸಿಕ್ಕಿತು. ಬಾಡಿಗೆ ಇಳಿಸಿದ್ದು ಯುದ್ಧಕಾಲದ ಪರಿಸ್ಥಿತಿಗಾಗಿ, ಆ ಪರಿಸ್ಥಿತಿ ಮುಗಿದಿದೆ ಎಂದರು ಡೆನ್ನಿಂಗ್. ಆದರೆ ಯುದ್ಧದ ವರ್ಷಗಳ ಬಾಕಿಯನ್ನು ಕೇಳಿದ್ದರೆ ಸಿಗುತ್ತಿರಲಿಲ್ಲ ಎಂದೂ ಸೇರಿಸಿದರು: ಎದುರಿನವನು ನಂಬಿ ನಡೆಯಲಿ ಎಂದೇ ಕೊಟ್ಟ ಮಾತು, ಅವನು ನಂಬಿ ನಡೆದ ಮಾತು, ಪ್ರತಿಫಲವಿಲ್ಲದಿದ್ದರೂ ಕೊಟ್ಟವನನ್ನು ಕಟ್ಟುತ್ತದೆ. ದಾವೆಯ ತೀರ್ಮಾನಕ್ಕೆ ಈ ಮಾತು ಬೇಕಾಗಿರಲಿಲ್ಲ. ಆದರೂ ಮುಂದೆ ಲೋಕ ನೆನಪಿಟ್ಟುಕೊಂಡದ್ದು ಅದನ್ನೇ.

ಇಲ್ಲಿಂದ ಎರಡರ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಆಡಿದ ಮಾತಿನ ಎಸ್ಟಾಪೆಲ್ ಸಂಗತಿಯನ್ನೇ ಗಟ್ಟಿ ಮಾಡುತ್ತದೆ. ಪಿಕಾರ್ಡ್ ನಾಳೆ ನೋಟಿಸು ಕೊಟ್ಟು 'ಇನ್ನು ಮೇಲೆ ಯಂತ್ರ ನನ್ನವು' ಎನ್ನಲಾಗದು. ಅದು ಅಲ್ಲಿಗೆ ಮುಗಿಯಿತು. ಕೊಟ್ಟ ಮಾತಿನ ಎಸ್ಟಾಪೆಲ್ ಹಾಗಲ್ಲ. ಅದು ಸಾಮಾನ್ಯವಾಗಿ ಹಕ್ಕನ್ನು ತಡೆಹಿಡಿಯುತ್ತದೆ, ಸಾಕಷ್ಟು ಮೊದಲೇ ತಿಳಿಸಿ, ಎದುರಿನವನು ಹಳೆಯ ಸ್ಥಿತಿಗೆ ಮರಳಲು ಅವಕಾಶ ಕೊಟ್ಟರೆ ಹಕ್ಕು ಮತ್ತೆ ಎದ್ದೇಳಬಹುದು. ಎದುರಿನವನು ಮರಳಲಾಗದಷ್ಟು ಮುಂದೆ ಹೋಗಿದ್ದರೆ ಮಾತ್ರ ಮಾತು ಶಾಶ್ವತವಾಗಿ ಕಟ್ಟುತ್ತದೆ. ಮೊದಲನೆಯದು ಮೂಲತಃ ಸಾಕ್ಷ್ಯದ ನಿಯಮ, ಏನನ್ನು ಸಾಬೀತು ಮಾಡಲು ಬಿಡಬೇಕು ಎಂಬುದು. ಎರಡನೆಯದು ನ್ಯಾಯಪ್ರಜ್ಞೆಯಿಂದ ಹುಟ್ಟಿದ್ದು, ಹಕ್ಕು ಚಲಾಯಿಸುವ ಕೈಯನ್ನು ಹಿಡಿಯುವಂಥದ್ದು. ಹೆಸರು ಒಂದೇ ಆದ್ದರಿಂದ ಇವೆರಡನ್ನೂ ಒಂದೇ ಎಂದುಕೊಂಡವರು 115ನೇ ಕಲಮಿನಲ್ಲಿ ಭರವಸೆಯನ್ನು ಹುಡುಕುತ್ತಾ ಕೂರುತ್ತಾರೆ. ಅದು ಅಲ್ಲಿಲ್ಲ.

ಡೆನ್ನಿಂಗ್ ಅವರೇ 1951ರಲ್ಲಿ ತಮ್ಮ ತತ್ತ್ವಕ್ಕೆ ಬೇಲಿಯನ್ನೂ ಹಾಕಿದರು. ವಿಚ್ಛೇದನದ ವೇಳೆ ಗಂಡ ವರ್ಷಕ್ಕೆ 100 ಪೌಂಡ್ ಕೊಡುತ್ತೇನೆಂದು ಒಪ್ಪಿದ್ದ, ಒಮ್ಮೆಯೂ ಕೊಡಲಿಲ್ಲ. ಹೆಂಡತಿ ಜೀವನಾಂಶಕ್ಕೂ ಅರ್ಜಿ ಹಾಕದೆ ವರ್ಷಗಳಾದ ಮೇಲೆ ದಾವೆ ಹೂಡಿದಳು. ಕೋಂಬ್ ದಂಪತಿಯ ಈ ವ್ಯಾಜ್ಯದಲ್ಲಿ ಆಕೆಗೆ ಹಣ ಸಿಗಲಿಲ್ಲ. ಪ್ರಾಮಿಸರಿ ಎಸ್ಟಾಪೆಲ್ ಗುರಾಣಿ, ಕತ್ತಿಯಲ್ಲ ಎಂಬ ಪ್ರಸಿದ್ಧ ಹೋಲಿಕೆ ನೆಲೆಯೂರಿದ್ದು ಈ ಮೊಕದ್ದಮೆಯಿಂದ. ನಿಮ್ಮ ಮೇಲೆ ಯಾರಾದರೂ ದಾವೆ ಹಾಕಿದರೆ ಅವರ ಮಾತನ್ನು ಅಡ್ಡ ಹಿಡಿಯಬಹುದು, ಆ ಮಾತನ್ನೇ ಆಧಾರವಾಗಿಟ್ಟು ನೀವೇ ದಾವೆ ಹಾಕಲಾಗದು. ಇಂಗ್ಲೆಂಡಿನಲ್ಲಿ ಈ ಬೇಲಿ ಇಂದಿಗೂ ಬಹುಮಟ್ಟಿಗೆ ನಿಂತಿದೆ. ಆಸ್ಟ್ರೇಲಿಯಾ 1988ರಲ್ಲಿ ಅದನ್ನು ದಾಟಿತು. ಭಾರತ ಅದಕ್ಕೂ ಮುಂಚೆಯೇ ದಾಟಿತ್ತು, ದಾಟಿದ್ದು ಕಾನ್ಪುರದ ವನಸ್ಪತಿ ಕಾರ್ಖಾನೆಯ ದಾರಿಯಲ್ಲಿ.

ಅದಕ್ಕೆ ಮೊದಲ ಮೆಟ್ಟಿಲು 1968ರಲ್ಲೇ ಬಿದ್ದಿತ್ತು. ಉಣ್ಣೆ ಬಟ್ಟೆ ರಫ್ತು ಮಾಡಿದವರಿಗೆ ರಫ್ತಿನ ಪೂರ್ತಿ ಮೌಲ್ಯದಷ್ಟು ಆಮದು ಪರವಾನಗಿ ಕೊಡುತ್ತೇವೆ ಎಂದು ಕೇಂದ್ರ ಸರ್ಕಾರದ ಯೋಜನೆಯೊಂದು ಹೇಳಿತ್ತು. ಅದನ್ನು ನಂಬಿ ಆಂಗ್ಲೊ ಆಫ್ಘನ್ ಏಜೆನ್ಸೀಸ್ ಅಫ್ಘಾನಿಸ್ತಾನಕ್ಕೆ ಐದು ಲಕ್ಷ ರೂಪಾಯಿಗೂ ಮೀರಿದ ಮಾಲು ಕಳಿಸಿತು. ಸಿಕ್ಕ ಪರವಾನಗಿ ಎರಡು ಲಕ್ಷಕ್ಕೂ ಒಂದಿಷ್ಟು ಕಡಿಮೆ. ಆಡಳಿತದ ಅಗತ್ಯ ಎಂಬ ಕಾರಣ ಹೇಳಿ ಸರ್ಕಾರ ತನ್ನ ಮಾತಿನಿಂದ ಜಾರಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಅಲ್ಲಿ ಹೇಳಿತು.

ಕಾನ್ಪುರದ ಕಂಪನಿ ಅಲಹಾಬಾದ್ ಹೈಕೋರ್ಟಿನಲ್ಲಿ ಸೋತಿತು. ಸೋಲಿಗೆ ಒಂದು ಕಾರಣ, ಶೇ. 3.5ರ ರಿಯಾಯಿತಿಗೆ ಒಪ್ಪಿದಾಗಲೇ ಪೂರ್ತಿ ವಿನಾಯಿತಿಯ ಹಕ್ಕನ್ನು ನೀವೇ ಬಿಟ್ಟುಕೊಟ್ಟಿರಿ ಎಂಬುದು. 1978ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಪಿ.ಎನ್. ಭಗವತಿ ಮತ್ತು ವಿ.ಡಿ. ತುಳಜಾಪುರಕರ್ ಈ ತೀರ್ಪನ್ನು ತಿರುವಿದರು. ಹಕ್ಕು ಬಿಟ್ಟುಕೊಡಬೇಕಾದರೆ ತನಗೆ ಅಂಥ ಹಕ್ಕಿದೆ ಎಂದು ತಿಳಿದಿರಬೇಕು. ಕಂಪನಿಗೆ ಅದು ಗೊತ್ತಿತ್ತು ಎಂದು ತೋರಿಸಿದವರು ಯಾರು? ಎಲ್ಲರಿಗೂ ಎಲ್ಲ ಕಾನೂನೂ ಗೊತ್ತಿರುತ್ತದೆ ಎಂಬ ಊಹೆಯೇ ಇಲ್ಲ ಎಂದು ಭಗವತಿ ಬರೆದರು. ಕಾನೂನು ಗೊತ್ತಿಲ್ಲ ಎಂಬುದು ಸಬೂಬಲ್ಲ ಎಂಬ ಮಾತು ಬೇರೆ, ಗೊತ್ತಿತ್ತು ಎಂದು ಊಹಿಸುವುದು ಬೇರೆ.

ಮುಖ್ಯ ಪ್ರಶ್ನೆಗೆ ಕೊಟ್ಟ ಉತ್ತರದಲ್ಲಿ ಮೂರು ಕಟ್ಟುಗಳು ಬಿಚ್ಚಿಕೊಂಡವು. ಮಾತು ನಂಬಿದವನು ನಷ್ಟ ಅನುಭವಿಸಿದ್ದನ್ನು ತೋರಿಸಬೇಕಿಲ್ಲ, ನಂಬಿ ತನ್ನ ಸ್ಥಿತಿ ಬದಲಿಸಿಕೊಂಡದ್ದನ್ನು ತೋರಿಸಿದರೆ ಸಾಕು. ಇದು ಬರೀ ಗುರಾಣಿಯಾಗಿ ಉಳಿಯಬೇಕಿಲ್ಲ, ಇದನ್ನೇ ಆಧಾರವಾಗಿಟ್ಟು ಕೋರ್ಟಿಗೆ ಹೋಗಬಹುದು. ಸರ್ಕಾರವೂ ಇದರ ಹೊರಗಿಲ್ಲ. ಉತ್ಪಾದನೆ ಆರಂಭವಾದ ದಿನದಿಂದ ಮೂರು ವರ್ಷದ ವಿನಾಯಿತಿ ಕಂಪನಿಗೆ ಸಿಕ್ಕಿತು.

ಆದೇಶದ ಕೊನೆಯಲ್ಲಿದ್ದ ಒಂದು ಷರತ್ತು ನನಗೆ ಬಹಳ ಹಿಡಿಸುತ್ತದೆ. ಗಿರಾಕಿಗಳಿಂದ ಮಾರಾಟ ತೆರಿಗೆ ಎಂದು ಕಂಪನಿ ಹಣ ವಸೂಲಿ ಮಾಡಿದ್ದರೆ ಅದನ್ನು ಸರ್ಕಾರಕ್ಕೆ ಕಟ್ಟಬೇಕು. ನ್ಯಾಯಪ್ರಜ್ಞೆಯಿಂದ ಪರಿಹಾರ ಕೇಳಿದವನು ತಾನೂ ನ್ಯಾಯವಾಗಿರಬೇಕು. ಜನರಿಂದ ತೆರಿಗೆ ಹಿಡಿದು, ಸರ್ಕಾರದಿಂದ ವಿನಾಯಿತಿಯನ್ನೂ ಪಡೆದು, ಎರಡೂ ಕಡೆ ಉಣ್ಣುವಂತಿಲ್ಲ.

ಮಿತಿಗಳ ಬೀಜವೂ ಅದೇ ತೀರ್ಪಿನಲ್ಲಿದೆ. ಕಂಪನಿ ಗೆದ್ದದ್ದು ಹೇಗೆ ಎಂದು ಕೇಳಿದರೆ ಅದು ಸಿಗುತ್ತದೆ. ಉತ್ತರ ಪ್ರದೇಶದ ಮಾರಾಟ ತೆರಿಗೆ ಕಾಯ್ದೆಯ 4ಎ ಕಲಮಿನಲ್ಲಿ ವಿನಾಯಿತಿ ಕೊಡುವ ಅಧಿಕಾರ ಸರ್ಕಾರಕ್ಕೆ ಮೊದಲೇ ಇತ್ತು. ಆ ಅಧಿಕಾರ ಇರದಿದ್ದರೆ ಮುಖ್ಯ ಕಾರ್ಯದರ್ಶಿಯ ಪತ್ರ ಎಷ್ಟೇ ಸ್ಪಷ್ಟವಾಗಿದ್ದರೂ ಪ್ರಯೋಜನವಿರುತ್ತಿರಲಿಲ್ಲ. ಕಾಯ್ದೆಗೆ ವಿರುದ್ಧವಾಗಿ ಕೊಟ್ಟ ಮಾತು ಯಾರನ್ನೂ ಕಟ್ಟದು. ಈ ಮಿತಿ ಎರಡೂ ಎಸ್ಟಾಪೆಲ್‌ಗಳಿಗೆ ಸಮಾನ. ವಯಸ್ಸು ಸುಳ್ಳು ಹೇಳಿ ಕರಾರಿಗೆ ಸಹಿ ಹಾಕಿದ ಅಪ್ರಾಪ್ತನ ಬಾಯಿಗೂ ಬೀಗ ಹಾಕುವುದಿಲ್ಲ, ಏಕೆಂದರೆ ಕಾನೂನು ಅವನಿಗೆ ಕೊಟ್ಟ ರಕ್ಷಣೆಯನ್ನು ಅವನ ಮಾತಿನಿಂದಲೇ ಕಿತ್ತುಕೊಂಡಂತಾಗುತ್ತದೆ.

ಎರಡನೆಯ ಮಿತಿ ಸಾರ್ವಜನಿಕ ಹಿತ. ಪರಿಸ್ಥಿತಿ ಬದಲಾಗಿ, ಮಾತು ನಡೆಸಿಕೊಟ್ಟರೆ ಜನರಿಗೆ ಆಗುವ ಹಾನಿ, ನಂಬಿದವನಿಗೆ ಆಗುವ ಅನ್ಯಾಯಕ್ಕಿಂತ ದೊಡ್ಡದು ಎಂದಾದರೆ ಸರ್ಕಾರ ಹಿಂದೆ ಸರಿಯಬಹುದು. ಆದರೆ ಹಾಗೆಂದು ಬಾಯಲ್ಲಿ ಹೇಳಿದರೆ ಸಾಲದು. ಏನು ಬದಲಾಯಿತು, ಯಾಕೆ ಎಂಬ ಸಂಗತಿಗಳನ್ನೆಲ್ಲ ಕೋರ್ಟಿನ ಮುಂದೆ ಇಡಬೇಕು, ತೂಗುವುದು ಕೋರ್ಟು. ಇದು ಹೇಗೆ ನಡೆಯುತ್ತದೆ ಎಂಬುದಕ್ಕೆ ನಮ್ಮದೇ ರಾಜ್ಯದ ಉದಾಹರಣೆಯಿದೆ. 1969ರಲ್ಲಿ ಆಗಿನ ಮೈಸೂರು ಸರ್ಕಾರ ಹೊಸ ಕೈಗಾರಿಕೆಗಳಿಗೆ ಮಾರಾಟ ತೆರಿಗೆ ಮರುಪಾವತಿಯ ಭರವಸೆ ಕೊಟ್ಟಿತು. ಆಮೇಲೆ ಅದನ್ನು ಮೊಟಕು ಮಾಡಿತು. ರಿಯಾಯಿತಿಯ ದುರುಪಯೋಗ ಆಗುತ್ತಿದೆ ಎಂಬುದು ಸರ್ಕಾರ ಕೊಟ್ಟ ಕಾರಣ. ಧರ್ಮೇಂದ್ರ ಟ್ರೇಡಿಂಗ್ ಕಂಪನಿಯ ಮೊಕದ್ದಮೆಯಲ್ಲಿ 1988ರಲ್ಲಿ ಸುಪ್ರೀಂ ಕೋರ್ಟ್ ಆ ಕಾರಣವನ್ನು ಒಪ್ಪಲಿಲ್ಲ. ಯಾರೋ ದುರುಪಯೋಗ ಮಾಡಿದರೆಂದು ಮಾತು ನಂಬಿ ನಡೆದ ಎಲ್ಲರಿಗೂ ಕೈ ಎತ್ತುವುದು ಸಾರ್ವಜನಿಕ ಹಿತವಾಗುವುದಿಲ್ಲ.

ಇದರಾಚೆಗೆ ದಾರಿ ಅಷ್ಟು ನೇರವಾಗಿಲ್ಲ. 1980ರಲ್ಲೇ ಜೀತ್‌ರಾಮ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಇನ್ನೊಂದು ಪೀಠ ಕಾನ್ಪುರದ ತೀರ್ಪನ್ನು ಸಂದೇಹಿಸಿತು. 1985ರಲ್ಲಿ ಗಾಡ್‌ಫ್ರೆ ಫಿಲಿಪ್ಸ್ ಮೊಕದ್ದಮೆಯಲ್ಲಿ ಅದು ಮತ್ತೆ ಗಟ್ಟಿಯಾಯಿತು. 1994ರ ಕಸಿಂಕಾ ಟ್ರೇಡಿಂಗ್ ತೀರ್ಪಿನಲ್ಲಿ ಸುಂಕ ವಿನಾಯಿತಿಯ ಸಾಮಾನ್ಯ ಅಧಿಸೂಚನೆಯನ್ನು ಅವಧಿಗೆ ಮುಂಚೆ ಹಿಂತೆಗೆದದ್ದನ್ನು ಕೋರ್ಟ್ ಎತ್ತಿಹಿಡಿಯಿತು. ಈ ತೀರ್ಪುಗಳನ್ನು ಒಟ್ಟಿಗೆ ಓದಿದವರಿಗೆ ಅನ್ನಿಸುವುದು: ಹೆಸರು ಹಿಡಿದು, ನೇರವಾಗಿ ಒಬ್ಬರಿಗೆ ಕೊಟ್ಟ ಭರವಸೆಗೆ ಇರುವ ಬಲ, ಎಲ್ಲರಿಗೂ ಒಟ್ಟಾಗಿ ಹೊರಡಿಸಿದ ಅಧಿಸೂಚನೆಗೆ ಇರುವುದಿಲ್ಲ. ಕಾನ್ಪುರದವರು ಪತ್ರಿಕೆಯ ಸುದ್ದಿಗೆ ತೃಪ್ತರಾಗದೆ ಎರಡು ಪತ್ರ ಬರೆಸಿಕೊಂಡದ್ದು ಎಷ್ಟು ಕೆಲಸಕ್ಕೆ ಬಂತು ಎಂಬುದು ಇಲ್ಲಿ ಅರ್ಥವಾಗುತ್ತದೆ. ಪತ್ರದ ತಾರೀಖು ಮೊದಲು, ಸಾಲದ ಮತ್ತು ಯಂತ್ರದ ಕರಾರಿನ ತಾರೀಖು ಆಮೇಲೆ ಇರಬೇಕು. ಈ ಕ್ರಮ ತಪ್ಪಿದರೆ, ಮಾತು ನಂಬಿ ಖರ್ಚು ಮಾಡಿದ್ದಲ್ಲ, ಖರ್ಚು ಮಾಡಿ ಆಮೇಲೆ ಮಾತು ಹುಡುಕಿದ್ದು ಎಂದಾಗುತ್ತದೆ.

ಕಡೆಯ ಮಿತಿ ಶಾಸನಸಭೆ. 2003ರ ಕೇಂದ್ರ ಸರ್ಕಾರದ ನೀತಿಯಂತೆ ಉತ್ತರಾಖಂಡದಂಥ ರಾಜ್ಯಗಳಲ್ಲಿ ಹೊಸ ಕಾರ್ಖಾನೆಗಳಿಗೆ ಹತ್ತು ವರ್ಷ ಶೇ. 100 ಅಬಕಾರಿ ಸುಂಕ ವಿನಾಯಿತಿ ಇತ್ತು. ಅದನ್ನು ನಂಬಿ ಹೀರೊ ಮೋಟೊಕಾರ್ಪ್ ಹರಿದ್ವಾರದಲ್ಲಿ ಕಾರ್ಖಾನೆ ಹಾಕಿತು. ಹತ್ತು ವರ್ಷ ತುಂಬುವ ಮೊದಲೇ 2017ರಲ್ಲಿ ಜಿಎಸ್‌ಟಿ ಬಂತು, ಅಬಕಾರಿ ಸುಂಕದ ವ್ಯವಸ್ಥೆಯೇ ಹೋಯಿತು. ಉಳಿದ ಅವಧಿಗೆ ಕೇಂದ್ರ ಜಿಎಸ್‌ಟಿಯ ಶೇ. 58ರಷ್ಟನ್ನು ಮಾತ್ರ ಮರಳಿಸುತ್ತೇವೆ ಎಂದಿತು ಕೇಂದ್ರ. ಕೇಂದ್ರದ ಪಾಲಿನ ತೆರಿಗೆಯನ್ನಾದರೂ ಪೂರ್ತಿ ಮರಳಿಸಿ ಎಂದು ಕಂಪನಿ ಕೇಳಿತು. ಸಂಸತ್ತು ಮಾಡಿದ ಕಾನೂನಿನ ಎದುರು ಪ್ರಾಮಿಸರಿ ಎಸ್ಟಾಪೆಲ್ ನಿಲ್ಲದು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನು ವಜಾ ಮಾಡಿತು. ಆದರೂ ಫೈಲನ್ನು ಅಲ್ಲಿಗೇ ಮುಚ್ಚಲಿಲ್ಲ. ಮಾತು ನಂಬಿ ಬಂಡವಾಳ ಹೂಡಿದವರ ಅಹವಾಲಿನಲ್ಲಿ ಹುರುಳಿದೆ ಎಂದು ಕಂಡು, ಅವರು ಮನವಿ ಸಲ್ಲಿಸಿದರೆ ರಾಜ್ಯಗಳೂ ಜಿಎಸ್‌ಟಿ ಮಂಡಳಿಯೂ ಅದನ್ನು ಪರಿಶೀಲಿಸಲಿ ಎಂದು ಹೇಳಿತು.